ವಿರ್ಕೋ ತ್ರಿಕ: ಅಭಿಧಮನಿಯ ಹೆಪ್ಪು ಬೇರೆ, ಅಪಧಮನಿಯ ಹೆಪ್ಪು ಬೇರೆ, ಏಕೆ? – ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನಲ್ಲಿ ನಾವು ರಕ್ತನಾಳಗಳನ್ನೆಲ್ಲ ಒಟ್ಟಾಗಿ ‘ನರ’ ಎಂದುಬಿಡುತ್ತೇವೆ. ‘ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದೆ’, ‘ಹೃದಯದ ನರ ಬ್ಲಾಕ್ ಆಗಿದೆ’ ಎರಡೂ ಒಂದೇ ಕಾಯಿಲೆಯಂತೆ ಕೇಳಿಸುತ್ತವೆ. ಆದರೆ ಹೃದಯದಿಂದ ರಕ್ತವನ್ನು ಹೊರಗೊಯ್ಯುವ ಅಪಧಮನಿಯಲ್ಲೂ ಹೃದಯಕ್ಕೆ ಮರಳಿ ತರುವ ಅಭಿಧಮನಿಯಲ್ಲೂ ಹೆಪ್ಪು ಹುಟ್ಟುವ ದಾರಿ ಬೇರೆ ಬೇರೆ, ಅದಕ್ಕೆ ಕೊಡುವ ಔಷಧವೂ ಬೇರೆ. ಈ ವ್ಯತ್ಯಾಸದ ಸುತ್ತ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ವಿರ್ಕೋ ತ್ರಿಕ ಎಂದರೇನು?

ಗಾಯವಾಗಿ ರಕ್ತ ಹೊರಗೆ ಹರಿದಾಗ ಹೆಪ್ಪುಗಟ್ಟುವುದು ಸಹಜ. ನಾಳದ ಒಳಗೇ, ಹರಿಯುತ್ತಿರುವ ರಕ್ತ ಹೆಪ್ಪುಗಟ್ಟಿದರೆ ಅದು ರೋಗ. ಹಾಗಾಗಲು ಮೂರು ಬಗೆಯ ಕಾರಣಗಳಿವೆ: ನಾಳದ ಒಳಗೋಡೆಗೆ ಹಾನಿಯಾಗುವುದು, ರಕ್ತದ ಹರಿವು ಕೆಡುವುದು ಅಥವಾ ನಿಲ್ಲುವುದು, ಮತ್ತು ರಕ್ತದ ಗುಣವೇ ಬದಲಾಗಿ ಹೆಪ್ಪುಗಟ್ಟುವ ಒಲವು ಹೆಚ್ಚುವುದು. ಗೋಡೆ, ಹರಿವು, ರಕ್ತ ಎಂದು ನೆನಪಿಟ್ಟುಕೊಂಡರೆ ಸಾಕು. ವೈದ್ಯಕೀಯ ವಿದ್ಯಾರ್ಥಿಗಳಿಗೆ ಇದನ್ನು ಮೂರು ಸಮಾನ ಭುಜಗಳ ತ್ರಿಕೋನವಾಗಿ ಬರೆದು ತೋರಿಸುವ ರೂಢಿಯಿದೆ. ಗೊಂದಲ ಶುರುವಾಗುವುದೇ ಆ ಚಿತ್ರದಿಂದ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನಿಜವಾದ ದೇಹದಲ್ಲಿ ಈ ಮೂರು ಭುಜಗಳು ಎಂದೂ ಸಮವಾಗಿರುವುದಿಲ್ಲ.

ಈ ತ್ರಿಕವನ್ನು ವಿರ್ಕೋ ಅವರೇ ರೂಪಿಸಿದರೇ?

ಈಗ ಓದುವ ರೂಪದಲ್ಲಿ ಅಲ್ಲ. ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಕೋ (1821–1902) ಅವರ ಮುಂದಿದ್ದ ಪ್ರಶ್ನೆ ಬೇರೆಯದಾಗಿತ್ತು. ಶವಪರೀಕ್ಷೆಗಳಲ್ಲಿ ಶ್ವಾಸಕೋಶದ ಅಪಧಮನಿಯೊಳಗೆ ಕಾಣುವ ಹೆಪ್ಪು ಅಲ್ಲಿಯೇ ಹುಟ್ಟಿದ್ದೋ, ಬೇರೆಡೆಯಿಂದ ಬಂದದ್ದೋ ಎಂಬುದು ಆ ಕಾಲದ ದೊಡ್ಡ ವಿವಾದ. ವಿರ್ಕೋ ನಾಯಿಗಳ ಕತ್ತಿನ ಅಭಿಧಮನಿಯೊಳಗೆ ರಬ್ಬರಿನ ತುಣುಕುಗಳನ್ನು ಬಿಟ್ಟು, ಅವು ಹೃದಯವನ್ನು ದಾಟಿ ಶ್ವಾಸಕೋಶದ ಅಪಧಮನಿಯಲ್ಲಿ ಹೋಗಿ ಸಿಕ್ಕಿಕೊಳ್ಳುವುದನ್ನು ತೋರಿಸಿದರು. ಇದ್ದಲ್ಲೇ ಹುಟ್ಟುವ ಹೆಪ್ಪಿಗೆ ಥ್ರಾಂಬೋಸಿಸ್ ಎಂದೂ, ಕಳಚಿಕೊಂಡು ಹರಿದು ಬಂದು ನಾಳವನ್ನು ಮುಚ್ಚುವುದಕ್ಕೆ ಎಂಬಾಲಿಸಂ ಎಂದೂ ಹೆಸರಿಟ್ಟವರು ಅವರೇ. 1856ರಲ್ಲಿ ಪ್ರಕಟವಾದ ಅವರ ಲೇಖನ ಸಂಗ್ರಹದಲ್ಲಿ ಗೋಡೆ, ಹರಿವು, ರಕ್ತ ಮೂರರ ಪ್ರಸ್ತಾಪವೂ ಚದುರಿದಂತೆ ಇದೆ. ಅವನ್ನು ಒಂದು ತ್ರಿಕವಾಗಿ ಕಟ್ಟಿ ಅವರ ಹೆಸರಿಟ್ಟದ್ದು ಸುಮಾರು ನೂರು ವರ್ಷಗಳ ನಂತರದ ವೈದ್ಯರು.

ರಕ್ತ ಸದಾ ಹೆಪ್ಪುಗಟ್ಟದೆ ದ್ರವವಾಗಿಯೇ ಉಳಿಯುವುದು ಹೇಗೆ?

ನಾಳದ ಒಳಮೈಗೆ ಹಾಸಿರುವ ಎಂಡೋಥೀಲಿಯಂ ಎಂಬ ಒಂದೇ ಜೀವಕೋಶದಷ್ಟು ದಪ್ಪದ ಪದರ ಇದನ್ನು ನೋಡಿಕೊಳ್ಳುತ್ತದೆ. ಅದು ಪ್ಲೇಟ್‌ಲೆಟ್‌ಗಳನ್ನು ದೂರವಿಡುವ ನೈಟ್ರಿಕ್ ಆಕ್ಸೈಡ್ ಮತ್ತು ಪ್ರೋಸ್ಟಾಸೈಕ್ಲಿನ್‌ಗಳನ್ನು ಬಿಡುಗಡೆ ಮಾಡುತ್ತಿರುತ್ತದೆ. ಇದಲ್ಲದೆ ಅದರ ಮೈಮೇಲೆ ಥ್ರಾಂಬೋಮಾಡ್ಯುಲಿನ್ ಎಂಬ ಪ್ರೋಟೀನ್ ಇದೆ. ಹೆಪ್ಪಿನ ಮುಖ್ಯ ಕಿಣ್ವವಾದ ಥ್ರಾಂಬಿನ್ ಇದಕ್ಕೆ ಅಂಟಿಕೊಂಡರೆ ಹೆಪ್ಪು ಮಾಡುವುದನ್ನು ಬಿಟ್ಟು, ಪ್ರೋಟೀನ್ ಸಿ ಎಂಬುದನ್ನು ಎಚ್ಚರಿಸುತ್ತದೆ. ಪ್ರೋಟೀನ್ ಸಿ ಹೆಪ್ಪಿನ ಕ್ರಿಯೆಗೆ ಬೇಕಾದ ಐದನೆಯ ಮತ್ತು ಎಂಟನೆಯ ಘಟಕಗಳನ್ನು ಕತ್ತರಿಸಿ ಹಾಕುತ್ತದೆ. ಅಂದರೆ ಬೆಂಕಿ ಹಚ್ಚುವವನನ್ನೇ ಹಿಡಿದು ಬೆಂಕಿ ಆರಿಸುವ ಕೆಲಸಕ್ಕೆ ಹಚ್ಚಿದಂತೆ. ಈ ಥ್ರಾಂಬೋಮಾಡ್ಯುಲಿನ್ ಮುಂದೆ ಮತ್ತೆ ಬರುತ್ತದೆ, ಅಭಿಧಮನಿಯ ಕಥೆಗೆ ಅದು ಬೇಕು.

ಅಪಧಮನಿಯಲ್ಲಿ ರಕ್ತ ಅಷ್ಟು ರಭಸವಾಗಿ ಹರಿಯುತ್ತದಲ್ಲ, ಅಲ್ಲಿ ಹೆಪ್ಪು ನಿಲ್ಲುವುದಾದರೂ ಹೇಗೆ?

ನ್ಯಾಯವಾದ ಪ್ರಶ್ನೆ. ರಭಸದ ಹರಿವಿನಲ್ಲಿ ಥ್ರಾಂಬಿನ್‌ನಂಥ ಕಿಣ್ವಗಳು ಒಂದೆಡೆ ಶೇಖರವಾಗುವ ಮುನ್ನವೇ ಕೊಚ್ಚಿಹೋಗುತ್ತವೆ. ಆದ್ದರಿಂದ ಅಪಧಮನಿಯಲ್ಲಿ ಹೆಪ್ಪು ಶುರುವಾಗಲು ಗೋಡೆಗೇ ಏನಾದರೂ ಆಗಿರಬೇಕು. ಸಾಮಾನ್ಯವಾಗಿ ಆಗುವುದು ಇಷ್ಟು: ವರ್ಷಗಳ ಕಾಲ ಗೋಡೆಯೊಳಗೆ ಕೊಬ್ಬು ಸೇರಿ ಬೆಳೆದ ಗಡ್ಡೆಯ, ಅಂದರೆ ಪ್ಲಾಕ್‌ನ, ಮೇಲ್ಹೊದಿಕೆ ತೆಳ್ಳಗಾಗಿ ಒಂದು ದಿನ ಬಿರಿಯುತ್ತದೆ. ಒಳಗಿದ್ದ ಕೊಲಾಜನ್ ಎಂಬ ನಾರಿನ ಪ್ರೋಟೀನ್ ಮತ್ತು ಹೆಪ್ಪಿನ ಕ್ರಿಯೆಗೆ ಚಾಲನೆ ಕೊಡುವ ಟಿಶ್ಯೂ ಫ್ಯಾಕ್ಟರ್ ರಕ್ತಕ್ಕೆ ತೆರೆದುಕೊಳ್ಳುತ್ತವೆ.

ಈಗ ಹರಿವಿನ ರಭಸವೇ ಹೆಪ್ಪಿಗೆ ನೆರವಾಗುತ್ತದೆ. ನಾಳದ ನಡುವೆ ರಕ್ತ ವೇಗವಾಗಿ ಹರಿಯುತ್ತದೆ, ಗೋಡೆಗೆ ತಾಗಿದ ಪದರ ಬಹುತೇಕ ನಿಂತಿರುತ್ತದೆ. ಹೀಗೆ ಪದರದಿಂದ ಪದರಕ್ಕೆ ವೇಗ ಬದಲಾಗುವ ಪ್ರಮಾಣಕ್ಕೆ ಶಿಯರ್ ದರ ಎನ್ನುತ್ತಾರೆ. ದೊಡ್ಡ ಅಭಿಧಮನಿಗಳಲ್ಲಿ ಇದು ಸೆಕೆಂಡಿಗೆ ಕೆಲವು ಹತ್ತುಗಳಿಂದ ನೂರರ ಆಸುಪಾಸು. ಆರೋಗ್ಯವಂತ ದೊಡ್ಡ ಅಪಧಮನಿಗಳಲ್ಲಿ ಹಲವು ನೂರು. ಕಿರಿದಾದ ಹೃದಯದ ಅಪಧಮನಿಯಲ್ಲಾದರೆ 10,000ವನ್ನೂ ದಾಟಬಹುದು. ರಕ್ತದಲ್ಲಿ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಬಹು ಉದ್ದನೆಯ ಪ್ರೋಟೀನ್ ಇದೆ. ನಿಧಾನದ ಹರಿವಿನಲ್ಲಿ ಅದು ನೂಲಿನ ಉಂಡೆಯಂತೆ ಸುತ್ತಿಕೊಂಡಿರುತ್ತದೆ. ತೆರೆದ ಕೊಲಾಜನ್‌ಗೆ ಅದರ ಒಂದು ತುದಿ ಸಿಕ್ಕಿಕೊಂಡಾಗ ರಭಸದ ಹರಿವು ಅದನ್ನು ಎಳೆದು ಬಿಚ್ಚುತ್ತದೆ, ಬಿಚ್ಚಿದ ಎಳೆಯ ಮೇಲೆ ಪ್ಲೇಟ್‌ಲೆಟ್‌ಗಳನ್ನು ಹಿಡಿಯುವ ಜಾಗಗಳು ಸಾಲಾಗಿ ತೆರೆದುಕೊಳ್ಳುತ್ತವೆ. ಹರಿವು ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ. ಅದೇ ವೇಳೆಗೆ ಗಾತ್ರದಲ್ಲಿ ದೊಡ್ಡವಾದ ಕೆಂಪು ರಕ್ತಕಣಗಳು ನಾಳದ ನಡುವೆ ಸೇರಿ, ಪುಟ್ಟ ಪ್ಲೇಟ್‌ಲೆಟ್‌ಗಳನ್ನು ಗೋಡೆಯ ಅಂಚಿಗೆ ತಳ್ಳಿರುತ್ತವೆ. ಹೀಗೆ ಬೇಕಾದ ಕಣಗಳು ಬೇಕಾದ ಜಾಗದಲ್ಲೇ ಸಿದ್ಧವಾಗಿರುತ್ತವೆ. ಹಿಡಿದ ಪ್ಲೇಟ್‌ಲೆಟ್ ತಾನು ಎಚ್ಚೆತ್ತು ಥ್ರಾಂಬಾಕ್ಸೇನ್ ಮುಂತಾದವನ್ನು ಚೆಲ್ಲಿ ಪಕ್ಕದವನ್ನೂ ಕರೆಯುತ್ತದೆ. ನಿಮಿಷಗಳಲ್ಲಿ ನಾಳ ಮುಚ್ಚಬಹುದು.

ಹಾಗಾದರೆ ಗಾಯವೇ ಇಲ್ಲದ ಅಭಿಧಮನಿಯಲ್ಲಿ ಹೆಪ್ಪು ಹುಟ್ಟುವುದು ಎಲ್ಲಿಂದ?

ಹಾಲಿಗೆ ಹೆಪ್ಪು ಹಾಕಿಟ್ಟ ಪಾತ್ರೆಯನ್ನು ಅಲುಗಾಡಿಸಬೇಡಿ ಎಂದು ಮನೆಯ ಹಿರಿಯರು ಹೇಳುವುದುಂಟು. ಮೊಸರು ಕೂರುವ ರಸಾಯನ ಬೇರೆಯದಾದರೂ, ಅಭಿಧಮನಿಯ ಹೆಪ್ಪಿಗೂ ಈ ಮಾತು ಸಲ್ಲುತ್ತದೆ: ಅದಕ್ಕೆ ಬೇಕಾದದ್ದು ಅಲುಗಾಡದ ರಕ್ತ.

ಕಾಲಿನ ಒಳ ಅಭಿಧಮನಿಗಳಲ್ಲಿ ರಕ್ತ ಮೇಲೇರುವುದು ಮೀನಖಂಡದ ಸ್ನಾಯುಗಳು ಹಿಂಡುವುದರಿಂದ. ಹಿಂಡಿದ ರಕ್ತ ಕೆಳಗೆ ಬೀಳದಂತೆ ಅಲ್ಲಲ್ಲಿ ಜೋಡಿ ಎಸಳುಗಳ ಕವಾಟಗಳಿವೆ. ಪ್ರತಿ ಎಸಳಿನ ಹಿಂದೆ, ಅಂಗಿಯ ಜೇಬಿನಂತೆ, ಒಂದು ಪುಟ್ಟ ಚೀಲವಿದೆ. ನಡೆಯುವಾಗ ಆ ಜೇಬಿನ ರಕ್ತ ಪ್ರತಿ ಹೆಜ್ಜೆಗೂ ತೊಳೆದು ಹೋಗುತ್ತದೆ. ಕಾಲು ಅಲುಗಾಡದೆ ಗಂಟೆಗಟ್ಟಲೆ ಇದ್ದರೆ ಜೇಬಿನ ಆಳದಲ್ಲಿ ರಕ್ತ ಸಣ್ಣಗೆ ಸುಳಿಯುತ್ತ ಅಲ್ಲೇ ಉಳಿಯುತ್ತದೆ. ಆ ಜಾಗದ ಗೋಡೆಗೆ ಆಮ್ಲಜನಕ ಬರುವುದು ಬಹುಪಾಲು ಆ ರಕ್ತದಿಂದಲೇ, ಹೀಗಾಗಿ ಅಲ್ಲಿನ ಆಮ್ಲಜನಕ ಬೇಗ ಬರಿದಾಗುತ್ತದೆ. ಉಸಿರುಗಟ್ಟಿದ ಎಂಡೋಥೀಲಿಯಂ ಹರಿದಿರುವುದಿಲ್ಲ, ಆದರೆ ಸ್ವಭಾವ ಬದಲಿಸುತ್ತದೆ: ಪಿ-ಸೆಲೆಕ್ಟಿನ್ ಎಂಬ ಅಂಟನ್ನು ಮೇಲ್ಮೈಗೆ ತಂದು ಬಿಳಿ ರಕ್ತಕಣಗಳನ್ನು ಹಿಡಿಯುತ್ತದೆ. ಆ ಬಿಳಿಕಣಗಳು ಟಿಶ್ಯೂ ಫ್ಯಾಕ್ಟರ್ ಒದಗಿಸಿದಾಗ ಥ್ರಾಂಬಿನ್ ಹುಟ್ಟುತ್ತದೆ, ಕೊಚ್ಚಿಕೊಂಡು ಹೋಗಲು ಹರಿವಿಲ್ಲದ ಕಾರಣ ಅಲ್ಲೇ ಶೇಖರವಾಗುತ್ತದೆ, ಫೈಬ್ರಿನ್ ಎಂಬ ಪ್ರೋಟೀನ್ ಎಳೆಗಳ ಬಲೆ ಹೆಣೆಯುತ್ತದೆ.

ಈಗ ಥ್ರಾಂಬೋಮಾಡ್ಯುಲಿನ್‌ಗೆ ಮರಳೋಣ. ಅದು ಗೋಡೆಯ ಮೇಲಿರುವುದರಿಂದ, ಒಂದು ಹನಿ ರಕ್ತಕ್ಕೆ ಎಷ್ಟು ಗೋಡೆ ತಾಗುತ್ತದೆ ಎಂಬುದು ಮುಖ್ಯ. ಕೂದಲೆಳೆಗಿಂತ ಸಣ್ಣದಾದ ಲೋಮನಾಳಗಳಲ್ಲಿ ರಕ್ತ ಗೋಡೆಗೆ ಒರೆಸಿಕೊಂಡೇ ಸಾಗುತ್ತದೆ, ಅಲ್ಲಿ ಥ್ರಾಂಬಿನ್ ಉಳಿಯುವುದು ಕಷ್ಟ. ತೊಡೆಯ ಅಗಲವಾದ ಅಭಿಧಮನಿಯಲ್ಲಿ ನಡುವಿನ ರಕ್ತಕ್ಕೆ ಗೋಡೆ ಬಲು ದೂರ. ಹರಿಯುವ ರಕ್ತ ಮತ್ತೆ ಮತ್ತೆ ಲೋಮನಾಳಗಳಿಗೆ ಹೋಗಿ ಶುದ್ಧವಾಗಿ ಬರುತ್ತದೆ, ನಿಂತ ರಕ್ತಕ್ಕೆ ಆ ಅವಕಾಶವೇ ಇಲ್ಲ. ‘ಹರಿವು ನಿಂತರೆ ಹೆಪ್ಪು’ ಎಂಬ ಸರಳ ಮಾತಿನ ಹಿಂದೆ ಇರುವುದು ಇದು.

ಒಂದು ಮಿತಿಯನ್ನೂ ಹೇಳಬೇಕು. ಬರಿಯ ನಿಲುಗಡೆ ಸಾಕಾಗುವುದಿಲ್ಲ. ಸಾಕಾಗುವಂತಿದ್ದರೆ ರಾತ್ರಿ ನಿದ್ದೆ ಮಾಡಿ ಏಳುವವರಿಗೆಲ್ಲ ಹೆಪ್ಪು ಇರಬೇಕಿತ್ತು. ಶಸ್ತ್ರಚಿಕಿತ್ಸೆ, ಮೂಳೆ ಮುರಿತ, ಕ್ಯಾನ್ಸರ್, ಗರ್ಭ, ಈಸ್ಟ್ರೋಜನ್ ಇರುವ ಮಾತ್ರೆ ಇಂಥ ಯಾವುದಾದರೊಂದು ರಕ್ತದ ಗುಣವನ್ನೂ ಬದಲಿಸಿ ನಿಲುಗಡೆಗೆ ಕೈಜೋಡಿಸಬೇಕು.

ಎರಡು ಹೆಪ್ಪುಗಳನ್ನು ಕಣ್ಣಿನಿಂದಲೇ ಗುರುತಿಸಬಹುದೇ?

ಬಹುಮಟ್ಟಿಗೆ ಸಾಧ್ಯ. ಅಪಧಮನಿಯ ಹೆಪ್ಪು ಪ್ಲೇಟ್‌ಲೆಟ್‌ಗಳಿಂದ ತುಂಬಿ ಬೂದು ಬಿಳಿಯಾಗಿ, ಗಟ್ಟಿಯಾಗಿ, ಚಿಕ್ಕದಾಗಿ, ಬಿರಿದ ಜಾಗಕ್ಕೆ ಭದ್ರವಾಗಿ ಅಂಟಿರುತ್ತದೆ. ಅಭಿಧಮನಿಯದು ಫೈಬ್ರಿನ್ ಬಲೆಯಲ್ಲಿ ಕೆಂಪುಕಣ ಸಿಕ್ಕಿದ ಕಡುಗೆಂಪು ಹೆಪ್ಪು, ನಾಳದ ಅಚ್ಚಿನಲ್ಲೇ ಎರಕ ಹೊಯ್ದಂತೆ ಉದ್ದವಾಗಿ ಬೆಳೆಯುತ್ತದೆ. ಬುಡ ಕವಾಟದ ಜೇಬಿಗೆ ಅಂಟಿದ್ದು, ಬಾಲ ಹೃದಯದ ದಿಕ್ಕಿಗೆ ಸಡಿಲವಾಗಿ ತೇಲುತ್ತಿರುತ್ತದೆ. ಕಳಚಿಕೊಳ್ಳುವುದು ಈ ಬಾಲವೇ. ಹರಿಯುವ ರಕ್ತದಲ್ಲಿ ಬೆಳೆದ ಹೆಪ್ಪನ್ನು ಅಡ್ಡ ಕೊಯ್ದರೆ ಪ್ಲೇಟ್‌ಲೆಟ್–ಫೈಬ್ರಿನ್‌ನ ತಿಳಿ ಗೆರೆ, ಕೆಂಪುಕಣದ ಗಾಢ ಗೆರೆ ಒಂದರ ಮೇಲೊಂದು ಕಾಣುತ್ತವೆ; ಅವಕ್ಕೆ ಜಾನ್ ಗೆರೆಗಳು ಎಂದು ಹೆಸರು. ಸತ್ತ ನಂತರ ಗಟ್ಟಿಯಾದ ರಕ್ತದಲ್ಲಿ ಈ ಗೆರೆಗಳಿರುವುದಿಲ್ಲ, ಅದು ಗೋಡೆಗೂ ಅಂಟಿರುವುದಿಲ್ಲ, ಚಿಮುಟದಲ್ಲಿ ಹಿಡಿದರೆ ಜೆಲ್ಲಿಯಂತೆ ಜಾರಿ ಬರುತ್ತದೆ.

ಒಂದು ಉದಾಹರಣೆಯ ಮೂಲಕ ವಿವರಿಸಬಹುದೇ?

ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಐವತ್ತೆರಡರ ಅಕ್ಕ, ನಲವತ್ತೊಂಬತ್ತರ ತಮ್ಮ. ಅಕ್ಕನ ಬಲಗಾಲಿನ ಪಾದದ ಗಂಟಿನ ಬಳಿ ಮೂಳೆ ಮುರಿದು ಪ್ಲಾಸ್ಟರ್ ಹಾಕಲಾಗಿತ್ತು. ಹನ್ನೆರಡನೆಯ ದಿನ ಮೀನಖಂಡ ಬಿಗಿದು ನೋಯತೊಡಗಿತು, ಎರಡು ದಿನಗಳಲ್ಲಿ ನೋವು ನಿಧಾನವಾಗಿ ಹೆಚ್ಚಿತು. ಪ್ಲಾಸ್ಟರ್ ತೆಗೆದು ನೋಡಿದಾಗ ಕಾಲು ಬೆಚ್ಚಗಿತ್ತು, ಬೆರಳೊತ್ತಿದರೆ ಗುಳಿ ಬೀಳುತ್ತಿತ್ತು. ಮಂಡಿಯ ಕೆಳಗಿನ ಮೂಳೆಯುಬ್ಬಿನಿಂದ 10 ಸೆ.ಮೀ. ಕೆಳಗೆ ಟೇಪಿನಿಂದ ಅಳೆದಾಗ ಎಡಗಾಲು 34, ಬಲಗಾಲು 37.5 ಸೆ.ಮೀ. ಬಂತು. ವೈದ್ಯರು ಬಳಸುವ ವೆಲ್ಸ್ ಅಂಕಪಟ್ಟಿಯಲ್ಲಿ ಪ್ಲಾಸ್ಟರ್‌ಗೆ 1, ಅಳತೆಯಲ್ಲಿ 3 ಸೆ.ಮೀ.ಗಿಂತ ಹೆಚ್ಚಿನ ವ್ಯತ್ಯಾಸಕ್ಕೆ 1, ಅಭಿಧಮನಿಯ ಗುಂಟ ನೋವಿಗೆ 1, ಒಂದೇ ಕಾಲಿನಲ್ಲಿ ಗುಳಿ ಬೀಳುವ ಊತಕ್ಕೆ 1, ಒಟ್ಟು 4. ಅಂಕ 2 ಅಥವಾ ಹೆಚ್ಚಾದರೆ ಹೆಪ್ಪಿನ ಸಂಭವ ಹೆಚ್ಚು, ನೇರವಾಗಿ ಅಲ್ಟ್ರಾಸೌಂಡ್ ಮಾಡಬೇಕು. ಅಲ್ಲಿ ನೋಡುವುದು ಸರಳ: ಸಹಜ ಅಭಿಧಮನಿ ಒತ್ತಿದರೆ ಚಪ್ಪಟೆಯಾಗುತ್ತದೆ, ಹೆಪ್ಪಿರುವುದು ಆಗುವುದಿಲ್ಲ. ಅಕ್ಕನ ಮಂಡಿಯ ಹಿಂದಿನ ಅಭಿಧಮನಿ ಚಪ್ಪಟೆಯಾಗಲಿಲ್ಲ. ಡಿ-ಡೈಮರ್ ಎಂಬ ರಕ್ತಪರೀಕ್ಷೆ ಈ ಹಂತದಲ್ಲಿ ನಿರುಪಯೋಗಿ, ಏಕೆಂದರೆ ಮೂಳೆ ಮುರಿದವರಲ್ಲಿ ಅದು ಹೇಗೂ ಏರಿರುತ್ತದೆ. ಸಂಭವ ಕಡಿಮೆ ಇರುವವರಲ್ಲಿ ಹೆಪ್ಪಿಲ್ಲ ಎಂದು ಖಚಿತಪಡಿಸಲು ಮಾತ್ರ ಅದು ನೆರವಿಗೆ ಬರುತ್ತದೆ.

ತಮ್ಮ ಇಪ್ಪತ್ತು ವರ್ಷ ಸಿಗರೇಟು ಸೇದಿದವರು, ಸಕ್ಕರೆ ಕಾಯಿಲೆ ಇದೆ. ಬೆಳಿಗ್ಗೆ ಆರಕ್ಕೆ ಎದೆಯ ನಡುವೆ ಹಿಂಡಿದಂಥ ನೋವು ಬಂದು, ಅರ್ಧ ಗಂಟೆಯಲ್ಲಿ ಬೆವರಿ ಒದ್ದೆಯಾದರು. ಇಸಿಜಿಯಲ್ಲಿ ಎಸ್‌ಟಿ ಭಾಗ ಏರಿತ್ತು, ಅಂದರೆ ಹೃದಯಾಘಾತ. ಹಿಂದಿನ ತಿಂಗಳು ಮೆಟ್ಟಿಲು ಹತ್ತುವಾಗಲೂ ನೋವಿರಲಿಲ್ಲ, ಹಾಗಾದರೆ ಬ್ಲಾಕ್ ಎಲ್ಲಿಂದ ಬಂತು ಎಂದು ಮನೆಯವರು ಕೇಳುತ್ತಾರೆ. ಬಿರಿಯುವ ಮುನ್ನ ಪ್ಲಾಕ್ ನಾಳವನ್ನು ಹೆಚ್ಚು ಕಿರಿದಾಗಿಸಿರಲೇಬೇಕೆಂದಿಲ್ಲ. ನಾಳವನ್ನು ಮುಚ್ಚಿದ್ದು ಆ ಬೆಳಗಿನ ಹೆಪ್ಪು.

ಅಕ್ಕನದು ದಿನಗಳ ಕಥೆ, ತಮ್ಮನದು ನಿಮಿಷಗಳ ಕಥೆ. ಅಭಿಧಮನಿ ಮುಚ್ಚಿದರೆ ರಕ್ತ ಹೊರಹೋಗಲಾರದೆ ಅಂಗ ಊದುತ್ತದೆ, ಕೆಂಪಾಗುತ್ತದೆ, ಬೆಚ್ಚಗಾಗುತ್ತದೆ. ಅಪಧಮನಿ ಮುಚ್ಚಿದರೆ ರಕ್ತವೇ ಬಾರದೆ ಅಂಗಾಂಶ ಸಾಯತೊಡಗುತ್ತದೆ. ಅದು ಕಾಲಿನಲ್ಲೇ ಆದರೆ ಕಾಲು ಊದುವುದಿಲ್ಲ, ಬಿಳಿಚಿಕೊಂಡು ತಣ್ಣಗಾಗುತ್ತದೆ, ನಾಡಿ ಸಿಗುವುದಿಲ್ಲ.

ತಮ್ಮನಿಗೆ ಕೊಟ್ಟ ಆಸ್ಪಿರಿನ್ ಅಕ್ಕನಿಗೆ ಏಕೆ ಸಾಲದು?

ಆಸ್ಪಿರಿನ್ ಪ್ಲೇಟ್‌ಲೆಟ್‌ನೊಳಗಿನ ಒಂದು ಕಿಣ್ವವನ್ನು ಶಾಶ್ವತವಾಗಿ ಕೆಡಿಸಿ ಥ್ರಾಂಬಾಕ್ಸೇನ್ ಆಗದಂತೆ ತಡೆಯುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ, ಹೊಸ ಕಿಣ್ವವನ್ನು ಅದು ತಯಾರಿಸಿಕೊಳ್ಳಲಾರದು. ಹಾಗಾಗಿ ಅದರ 7–10 ದಿನಗಳ ಆಯುಷ್ಯವಿಡೀ ಪರಿಣಾಮ ಉಳಿಯುತ್ತದೆ. ತಮ್ಮನಿಗೆ ಅಗಿದು ನುಂಗಲು 300 ಮಿ.ಗ್ರಾಂ. ಕೊಟ್ಟದ್ದು ಇದಕ್ಕೆ. ಅಕ್ಕನ ಹೆಪ್ಪಿನ ಮೂಲ ಥ್ರಾಂಬಿನ್ ಮತ್ತು ಫೈಬ್ರಿನ್. ಅವರಿಗೆ ಹೆಪಾರಿನ್, ವಾರ್ಫರಿನ್ ಅಥವಾ ರಿವರಾಕ್ಸಬಾನ್, ಅಪಿಕ್ಸಬಾನ್‌ನಂಥ ಹೆಪ್ಪುನಿರೋಧಕ ಬೇಕು, ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳು.

ಆದರೆ ಇದನ್ನು ಗೆರೆ ಕೊರೆದ ನಿಯಮವೆಂದು ತಿಳಿಯಬಾರದು. ತಮ್ಮನಿಗೂ ಮೊದಲ ದಿನ ಹೆಪಾರಿನ್ ಕೊಡುತ್ತಾರೆ, ಏಕೆಂದರೆ ಪ್ಲೇಟ್‌ಲೆಟ್ ಗುಂಪು ನಾಳವನ್ನು ಮುಚ್ಚಿದ ಮೇಲೆ ಅದರ ಅಕ್ಕಪಕ್ಕದ ರಕ್ತ ನಿಂತು ಅಲ್ಲಿ ಕೆಂಪು ಹೆಪ್ಪೇ ಬೆಳೆಯುತ್ತದೆ. ಅಭಿಧಮನಿಯ ಹೆಪ್ಪಿನ ಮೇಲೆ ಆಸ್ಪಿರಿನ್‌ಗೆ ಸ್ವಲ್ಪ ಪರಿಣಾಮವಿದೆ, ಆದರೆ ಕಡಿಮೆ. 2017ರಲ್ಲಿ ಪ್ರಕಟವಾದ ಐನ್‌ಸ್ಟೈನ್ ಚಾಯ್ಸ್ ಅಧ್ಯಯನದಲ್ಲಿ, ಮೊದಲ ಸುತ್ತಿನ ಚಿಕಿತ್ಸೆ ಮುಗಿಸಿದವರಲ್ಲಿ ಆಸ್ಪಿರಿನ್ ತೆಗೆದುಕೊಂಡ ಶೇ. 4.4 ಜನರಿಗೆ ಹೆಪ್ಪು ಮರುಕಳಿಸಿತು, 10 ಮಿ.ಗ್ರಾಂ. ರಿವರಾಕ್ಸಬಾನ್ ತೆಗೆದುಕೊಂಡವರಲ್ಲಿ ಶೇ. 1.2.

ಹೃದಯದ ಬಡಿತ ತಪ್ಪುವವರಿಗೆ ಪಾರ್ಶ್ವವಾಯು ತಡೆಯಲು ಹೆಪ್ಪುನಿರೋಧಕ ಕೊಡುತ್ತಾರೆ. ಮೆದುಳಿನ ಅಪಧಮನಿಗೆ ಆಸ್ಪಿರಿನ್ ಅಲ್ಲವೇ ಬೇಕು?

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ನಡುಗುತ್ತಿರುತ್ತದೆ. ಎಡ ಮೇಲ್ಕೋಣೆಗೆ ಚಾಚಿಕೊಂಡಿರುವ ಒಂದು ಕುರುಡು ಚೀಲದಲ್ಲಿ ರಕ್ತ ನಿಂತುಬಿಡುತ್ತದೆ. ಅಲ್ಲಿರುವುದು ಅಪಧಮನಿಗೆ ಹೋಗುವ ಶುದ್ಧ ರಕ್ತವೇ, ಆದರೆ ಅಲ್ಲಿ ಹುಟ್ಟುವ ಹೆಪ್ಪು ಕವಾಟದ ಜೇಬಿನ ಹೆಪ್ಪಿನ ಜಾತಿಗೆ ಸೇರಿದ್ದು. ಅದು ಹರಿದು ಹೋಗಿ ಮೆದುಳಿನ ಅಪಧಮನಿಯಲ್ಲಿ ಸಿಕ್ಕಿಕೊಳ್ಳುತ್ತದೆ ಅಷ್ಟೆ. ಅಂದರೆ ನಾಳದ ಹೆಸರಿನಿಂದಲ್ಲ, ಹೆಪ್ಪು ಹುಟ್ಟಿದ ಜಾಗದ ಹರಿವಿನಿಂದ ಅದರ ಗುಣ ನಿರ್ಧಾರವಾಗುತ್ತದೆ. 2006ರ ಆಕ್ಟಿವ್-ಡಬ್ಲ್ಯು ಅಧ್ಯಯನ ಇದನ್ನು ನೇರವಾಗಿ ಪರೀಕ್ಷಿಸಿತು: ಆಸ್ಪಿರಿನ್ ಜೊತೆಗೆ ಪ್ಲೇಟ್‌ಲೆಟ್‌ಗಳನ್ನು ತಡೆಯುವ ಇನ್ನೊಂದು ಔಷಧವಾದ ಕ್ಲೋಪಿಡೋಗ್ರೆಲ್ ಸೇರಿಸಿ ಕೊಟ್ಟರೂ ಅದು ವಾರ್ಫರಿನ್‌ಗೆ ಸಾಟಿಯಾಗಲಿಲ್ಲ.

ನಮ್ಮಲ್ಲಿ ಇನ್ನೂ ಕಾಣುವ ಸಂಧಿವಾತ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರಲ್ಲಿ ನಿಲುಗಡೆ ಇನ್ನೂ ತೀವ್ರ. ಅವರಿಗೆ ಹೊಸ ಮಾತ್ರೆಯಾದ ರಿವರಾಕ್ಸಬಾನ್‌ಗಿಂತ ಹಳೆಯ ವಾರ್ಫರಿನ್ ಜಾತಿಯ ಔಷಧವೇ ಮೇಲು ಎಂದು 2022ರ ಇನ್ವಿಕ್ಟಸ್ ಅಧ್ಯಯನ ತೋರಿಸಿತು. ವಾರ್ಫರಿನ್ ಪ್ರಮಾಣ ಸರಿಯಿದೆಯೇ ಎಂದು ನೋಡುವ ಐಎನ್‌ಆರ್ ರಕ್ತಪರೀಕ್ಷೆಗೆ ಓಡಾಡುವುದು ಬೇಸರವೆಂದು ಅವರು ತಾವಾಗಿಯೇ ಮಾತ್ರೆ ಬದಲಿಸಬಾರದು.

ವಂಶವಾಹಿಯ ದೋಷಗಳು ಅಭಿಧಮನಿಯಲ್ಲೇ ಹೆಚ್ಚು ಹೆಪ್ಪು ಮಾಡುವುದೇಕೆ?

ಮೇಲೆ ಹೇಳಿದ ಪ್ರೋಟೀನ್ ಸಿ ನೆನಪಿಸಿಕೊಳ್ಳಿ. 1994ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಗುರುತಿಸಿದ ‘ಫ್ಯಾಕ್ಟರ್ ಫೈವ್ ಲೈಡನ್’ ಇರುವವರಲ್ಲಿ ಐದನೆಯ ಘಟಕ ಪ್ರೋಟೀನ್ ಸಿಯ ಕತ್ತರಿಗೆ ಸುಲಭವಾಗಿ ಸಿಗುವುದಿಲ್ಲ. ಥ್ರಾಂಬಿನ್‌ಗೆ ಹಾಕಿದ ಬ್ರೇಕ್ ಸಡಿಲವಾದಂತೆ. ಥ್ರಾಂಬಿನ್ ಶೇಖರವಾಗಬಲ್ಲ ನಿಂತ ರಕ್ತದಲ್ಲಿ ಮಾತ್ರ ಇದು ದೊಡ್ಡ ಸಂಗತಿ. ರಭಸದ ಅಪಧಮನಿಯಲ್ಲಿ ಅಷ್ಟಾಗಿ ಅಲ್ಲ. ಯುರೋಪ್ ಮೂಲದವರಲ್ಲಿ ಸಾಮಾನ್ಯವಾದ ಈ ದೋಷ ನಮ್ಮಲ್ಲಿ ವಿರಳ. ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಕೊರತೆಗಳನ್ನೂ ಹುಡುಕುತ್ತಾರೆ. ಹೆಪ್ಪಾದ ಹೊಸತರಲ್ಲೇ ಅಥವಾ ವಾರ್ಫರಿನ್ ನಡೆಯುತ್ತಿರುವಾಗ ಪರೀಕ್ಷಿಸಿದರೆ ಇವುಗಳಲ್ಲಿ ಕೆಲವುಗಳ ಮಟ್ಟ ಹೇಗೂ ಕುಸಿದಿರಬಹುದು, ಇಲ್ಲದ ಕಾಯಿಲೆಯ ಹಣೆಪಟ್ಟಿ ಅಂಟಿಕೊಳ್ಳುತ್ತದೆ. ಎರಡೂ ಕಡೆ ಹೆಪ್ಪು ಮಾಡುವ ಅಪವಾದವೆಂದರೆ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್: ಅದರ ಪ್ರತಿಕಾಯಗಳು ಗೋಡೆ, ಪ್ಲೇಟ್‌ಲೆಟ್, ಹೆಪ್ಪಿನ ಘಟಕಗಳು ಮೂರನ್ನೂ ಕೆಣಕುತ್ತವೆ.

ಬಾಣಂತಿಯರಿಗೆ ಬರುವ ಪಾರ್ಶ್ವವಾಯು ಯಾವ ಬಗೆಯದು?

ಹೆರಿಗೆಯ ನಂತರದ ವಾರಗಳಲ್ಲಿ ತೀವ್ರ ತಲೆನೋವು, ವಾಂತಿ, ಫಿಟ್ಸ್ ಬಂದು ಕೈಕಾಲು ಬಲಗುಂದಿದರೆ ಮೆದುಳಿನ ಅಭಿಧಮನಿಯ ಹೆಪ್ಪನ್ನು ಶಂಕಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಪ್ರಕರಣಗಳ ಅಧ್ಯಯನ ದಶಕಗಳಿಂದ ನಡೆದಿದೆ. ಹೆರಿಗೆಯ ರಕ್ತಸ್ರಾವಕ್ಕೆ ಸಿದ್ಧವಾಗಿ ದೇಹವೇ ಹೆಪ್ಪಿನ ಘಟಕಗಳನ್ನು ಏರಿಸಿರುತ್ತದೆ. ಜೊತೆಗೆ ರಕ್ತಹೀನತೆ, ಸೋಂಕು, ನೀರು ಕಡಿಮೆಯಾಗುವುದು ಸೇರಿಕೊಳ್ಳುತ್ತವೆ. ಬಾಣಂತಿಗೆ ನೀರು ಕೊಟ್ಟರೆ ಶೀತ, ಹೊಟ್ಟೆ ದಪ್ಪ ಎಂದು ನೀರನ್ನು ಬಿಗಿಹಿಡಿಯುವ ರೂಢಿ ಈ ಕಾರಣಕ್ಕೆ ಅಪಾಯಕಾರಿ. ಸ್ಕ್ಯಾನ್‌ನಲ್ಲಿ ಮೆದುಳಿನೊಳಗೆ ರಕ್ತ ಸೋರಿದ್ದು ಕಂಡರೂ ಹೆಪಾರಿನ್ ಕೊಡುತ್ತಾರೆ. ಮನೆಯವರು ಹೌಹಾರುವುದು ಸಹಜ, ಆದರೆ ಆ ರಕ್ತ ಸೋರಿದ್ದೇ ಹೊರಹೋಗುವ ದಾರಿ ಮುಚ್ಚಿ ಹಿಂದೆ ಒತ್ತಡ ಏರಿದ್ದರಿಂದ. ದಾರಿ ತೆರೆಯದೆ ಸೋರಿಕೆ ನಿಲ್ಲುವುದಿಲ್ಲ.

ಕಾಲಿನ ಹೆಪ್ಪು ಕಳಚಿ ಮೆದುಳಿಗೆ ಹೋಗಬಹುದೇ?

ಸಾಮಾನ್ಯವಾಗಿ ಇಲ್ಲ. ಕಾಲಿನ ಅಭಿಧಮನಿಯಿಂದ ಹೊರಟದ್ದು ಬಲ ಹೃದಯವನ್ನು ದಾಟಿ ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತದೆ, ವಿರ್ಕೋ ಅವರ ನಾಯಿಗಳ ರಬ್ಬರ್ ತುಣುಕಿನಂತೆ. ಆಗ ಕಾಣುವುದು ಏಕಾಏಕಿ ಏದುಸಿರು, ಉಸಿರೆಳೆದಾಗ ಚುಚ್ಚುವ ಎದೆನೋವು, ಕೆಲವೊಮ್ಮೆ ರಕ್ತ ಮಿಶ್ರಿತ ಕಫ; ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಹೀಗಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಪವಾದವೊಂದಿದೆ: ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಎರಡು ಮೇಲ್ಕೋಣೆಗಳ ನಡುವಿನ, ಗರ್ಭದಲ್ಲಿದ್ದಾಗಿನ ಬಾಗಿಲು ಪೂರ್ತಿ ಬೆಸೆದಿರುವುದಿಲ್ಲ. ಕೆಮ್ಮಿದಾಗಲೋ ತಿಣುಕಿದಾಗಲೋ ಬಲಗಡೆಯ ಒತ್ತಡ ಏರಿ ಆ ಬಾಗಿಲು ತೆರೆದ ಕ್ಷಣದಲ್ಲಿ ಹೆಪ್ಪಿನ ತುಣುಕೊಂದು ಎಡಕ್ಕೆ ನುಸುಳಿದರೆ ಅದು ಮೆದುಳಿಗೆ ಹೋಗಬಲ್ಲದು. ಬೇರೆ ಕಾರಣ ಸಿಗದ ಪಾರ್ಶ್ವವಾಯು ಕಿರಿಯ ವಯಸ್ಸಿನವರಿಗೆ ಬಂದಾಗ, ರಕ್ತನಾಳಕ್ಕೆ ಗುಳ್ಳೆಗಳಿರುವ ಸಲೈನ್ ಕೊಟ್ಟು ಎಕೋದಲ್ಲಿ ಆ ಗುಳ್ಳೆಗಳು ಎಡಗಡೆ ಕಾಣುತ್ತವೆಯೇ ಎಂದು ನೋಡುವುದು ಈ ಬಾಗಿಲನ್ನು ಪತ್ತೆಹಚ್ಚಲಿಕ್ಕೆ.